ಶೀಆನ್‌ನ ಮಣ್ಣಿನ ಸೈನಿಕರು: ಅಚ್ಚಿನಲ್ಲಿ ಮಾಡಿದ್ದಾದರೆ ಮುಖ ಬೇರೆ ಬೇರೆ ಯಾಕೆ? ಬಣ್ಣ ಎಲ್ಲಿ ಹೋಯ್ತು?

ತುಂಗಾತೀರ
ಕಳೆದ ತಿಂಗಳು ಕಂಪನಿ ಕೆಲಸಕ್ಕೆ ಚೀನಾಕ್ಕೆ ಹೋಗಿದ್ದೆ. ಒಂದು ಭಾನುವಾರ ಸಿಕ್ಕಿತು, ಶೀಆನ್ ಹತ್ತಿರದ ಮಣ್ಣಿನ ಸೈನ್ಯ ನೋಡಿ ಬಂದೆ. ಚಿನ್ ಶಿ ಹುವಾಂಗ್ ಅನ್ನೋ ಚಕ್ರವರ್ತಿಯ ಸಮಾಧಿ ಕಾಯೋಕೆ ಹೂತಿಟ್ಟ ಸೈನ್ಯ. ಅವನು ಸತ್ತಿದ್ದು ಕ್ರಿ.ಪೂ. 210ರಲ್ಲಿ. 1974ರಲ್ಲಿ ರೈತರು ಬಾವಿ ತೋಡುವಾಗ ಸಿಕ್ಕಿತು ಅನ್ನೋ ಕಥೆ ಎಲ್ಲರಿಗೂ ಗೊತ್ತಿರುತ್ತೆ.

ಒಂದನೇ ಗುಂಡಿಯ ಕಟ್ಟೆ ಮೇಲೆ ನಿಂತು ಕೆಳಗೆ ನೋಡಿದಾಗ ಎರಡು ವಿಷಯ ತಲೆಗೆ ಹೊಕ್ಕಿತು, ಇನ್ನೂ ಹೋಗಿಲ್ಲ. ಗೈಡ್ ಹೇಳಿದ್ದು, "ಎಲ್ಲಾ ಅಚ್ಚಿನಲ್ಲಿ ಮಾಡಿದ್ದು" ಅಂತ. ಅಲ್ಲೇ ಹೊರಗಿನ ಅಂಗಡಿಯಲ್ಲಿ ಮಾಡಿಯೂ ತೋರಿಸಿದರು. ಎರಡು ಭಾಗದ ಅಚ್ಚು, ಒಳಗೆ ಮಣ್ಣು ಒತ್ತಿ, ಕೂಡಿಸಿ, ಬಿಚ್ಚಿದರೆ ಸೈನಿಕ ರೆಡಿ. ಆದರೆ ಗುಂಡಿಯಲ್ಲಿ ನಾನು ನೋಡಿದ ಮುಖಗಳಲ್ಲಿ ಒಂದರ ಹಾಗೆ ಇನ್ನೊಂದು ಇರಲಿಲ್ಲ. ಅಚ್ಚಾದರೆ ಇದು ಹೇಗೆ ಸಾಧ್ಯ?

ಎರಡನೇದು, ಇವೆಲ್ಲಾ ಮೊದಲು ಬಣ್ಣ ಬಣ್ಣವಾಗಿದ್ದವಂತೆ. ಈಗ ಎಲ್ಲಾ ಬೂದಿ ಬಣ್ಣ. 2200 ವರ್ಷ ಮಣ್ಣೊಳಗೆ ಇದ್ದು ಬಣ್ಣ ಹೋಯ್ತಾ, ಅಥವಾ ಹೊರಗೆ ತೆಗೆದ ಮೇಲೆ ಹೋಯ್ತಾ? ಗೊತ್ತಿರೋರು ಹೇಳಿ.

ವಿಜಯ್_ಬಿ
ಅಚ್ಚು ಅನ್ನೋದು ಸುಳ್ಳು ಸರ್. ಚಕ್ರವರ್ತಿಯ ನಿಜವಾದ ಸೈನಿಕರನ್ನು ಒಬ್ಬೊಬ್ಬರನ್ನೇ ಕೂರಿಸಿ, ಅವರ ಮುಖ ನೋಡಿ ಮಾಡಿದ್ದು. ಅದಕ್ಕೇ ಎಲ್ಲರೂ ಬೇರೆ ಬೇರೆ. ಆ ಕತ್ತಿಗಳಿಗೆ ಕ್ರೋಮ್ ಲೇಪನ ಕೂಡ ಇತ್ತು, ಇವತ್ತಿಗೂ ತುಕ್ಕು ಹಿಡಿದಿಲ್ಲ. ಆ ಕಾಲಕ್ಕೇ ಅಂಥ ತಂತ್ರಜ್ಞಾನ ಇತ್ತು.

ಹಳೆಬಣ್ಣ
ವಿಜಯ್ ಅವರೇ, ಅರ್ಧ ಒಪ್ಪುತ್ತೇನೆ, ಅರ್ಧ ಇಲ್ಲ. ಕ್ರೋಮ್ ವಿಷಯ ಆಮೇಲೆ ಹೇಳ್ತೀನಿ, ಅದು ಬಣ್ಣದ ಕಥೆಗೇ ಬಂದು ಸೇರುತ್ತೆ.

ನಾನು ಹದಿನೆಂಟು ವರ್ಷದಿಂದ ಹಳೆಯ ಭಿತ್ತಿಚಿತ್ರ, ಬಣ್ಣ ಬಳಿದ ಮರದ ಮೂರ್ತಿಗಳನ್ನು ಉಳಿಸೋ ಕೆಲಸ ಮಾಡ್ತಿದ್ದೇನೆ. ಈ ಸೈನಿಕರ ಬಣ್ಣದ ಬಗ್ಗೆ ನಮ್ಮ ಕೆಲಸದಲ್ಲಿ ಇರೋರೆಲ್ಲಾ ಓದಿಯೇ ಓದಿರುತ್ತಾರೆ. ಮೊದಲು ಮಣ್ಣಿನ ಕೆಲಸ ಹೇಳ್ತೀನಿ.

ತುಂಗಾತೀರ ಅವರೇ, ಅಂಗಡಿಯಲ್ಲಿ ನೀವು ನೋಡಿದ್ದು ಈಗಿನವರು ಮಾರಾಟಕ್ಕೆ ಮಾಡೋ ರೀತಿ. ಚಿನ್ ಕಾಲದವರು ಹಾಗೆ ಮಾಡಿಲ್ಲ. ಇಡೀ ದೇಹಕ್ಕೆ ಒಂದು ಅಚ್ಚು ಇರಲೇ ಇಲ್ಲ. ಒಡೆದ ಮೂರ್ತಿಗಳ ಒಳಗಡೆ ನೋಡಿದರೆ ಗೊತ್ತಾಗುತ್ತೆ. ಹೊಟ್ಟೆ, ಎದೆಯ ಒಳಗೋಡೆಯಲ್ಲಿ ಒಂದರ ಮೇಲೊಂದು ಉಂಗುರದ ಹಾಗೆ ಗೆರೆ ಇದೆ. ಮಣ್ಣನ್ನು ಹಾವಿನ ಹಾಗೆ ಹೊಸೆದು, ಸುತ್ತಿ ಸುತ್ತಿ ಮೇಲೆ ಏರಿಸಿದ ಗುರುತು ಅದು. ಕೆಲವು ಕಡೆ ಮಣ್ಣು ಒತ್ತಿದವರ ಬೆರಳಚ್ಚು ಕೂಡ ಉಳಿದಿದೆ. ದೊಡ್ಡ ಅಚ್ಚಿನಲ್ಲಿ ಒತ್ತಿದ್ದರೆ ಆ ಉಂಗುರಗಳು ಇರುತ್ತಿರಲಿಲ್ಲ.

ಕೆಲಸ ಶುರುವಾಗೋದು ಕೆಳಗಿಂದ. ಮೊದಲು ಕಾಲಡಿಯ ಚೌಕ ಹಲಗೆ, ಅದೂ ಮಣ್ಣಿನದೇ. ಅದರ ಮೇಲೆ ಪಾದ, ಆಮೇಲೆ ಕಾಲು. ಕಾಲುಗಳು ಕೆಲವದರಲ್ಲಿ ಗಟ್ಟಿ, ಕೆಲವದರಲ್ಲಿ ಟೊಳ್ಳು. ಅದರ ಮೇಲೆ ಅಂಗಿಯ ಅಂಚಿನಿಂದ ಟೊಳ್ಳು ದೇಹ ಏರುತ್ತೆ. ತೋಳುಗಳನ್ನು ಬೇರೆ ಮಾಡಿ ಹೆಗಲಿಗೆ ಅಂಟಿಸೋದು. ಅಂಗೈ ಬೇರೆ, ತೋಳಿನ ತುದಿಗೆ ಸೇರಿಸೋದು. ತಲೆ ಕೂಡ ಬೇರೆ. ಅದನ್ನು ಕೊನೆಗೆ ಕತ್ತಿನ ತೂತಿಗೆ ಇಳಿಸೋದು. ಹಾಗಾದರೆ ಅಚ್ಚು ಎಲ್ಲಿ ಬಂತು? ಮುಖ್ಯವಾಗಿ ತಲೆಯಲ್ಲಿ, ಜೊತೆಗೆ ಅಂಗೈಯಂಥ ಸಣ್ಣ ಭಾಗಗಳಲ್ಲಿ.

ತುಂಗಾತೀರ
ಮೇಡಂ, ತಲೆಗೇ ಅಚ್ಚು ಅಂದರೆ ನನ್ನ ಪ್ರಶ್ನೆ ಇನ್ನೂ ಜಾಸ್ತಿ ಆಯ್ತಲ್ಲ! ಬೇರೆ ಬೇರೆ ಇರೋದೇ ತಲೆಗಳು.

ಗಣಪನಕೆಲಸ
ಇದನ್ನು ನಾನು ಹೇಳಬಹುದು. ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ಗಣಪತಿ ಮಾಡ್ತೀವಿ. ಚಿಕ್ಕದಕ್ಕೆ ಪೂರ್ತಿ ಅಚ್ಚು. ಎರಡೂವರೆ ಮೂರು ಅಡಿ ಆದಮೇಲೆ ಮುಖಕ್ಕೆ ಮಾತ್ರ ಅಚ್ಚು ಇಟ್ಟು ಮೈ ಕೈಯಲ್ಲೇ ಕಟ್ತೀವಿ. ಅಚ್ಚಿನಿಂದ ಮುಖ ಬಿಚ್ಚಿದಾಗ ಅದು ಬರೀ ಮುದ್ದೆ ಮುಖ. ಕಣ್ಣು ಅರ್ಧಂಬರ್ಧ, ಸೊಂಡಿಲಿನ ಮಡಿಕೆ ಮಸುಕು. ಆಮೇಲೆ ಬಿದಿರು ಕಡ್ಡಿ ಹಿಡಿದು ಕಣ್ಣಿನ ರೆಪ್ಪೆ ತೀಡಬೇಕು, ಕಿವಿ ಬೇರೆ ಮಾಡಿ ಅಂಟಿಸಬೇಕು. ನಮ್ಮಪ್ಪನ ಗಣಪ, ನನ್ನ ಗಣಪ ಒಂದೇ ಅಚ್ಚು. ಆದರೆ ಊರಿನವರು ದೂರದಿಂದಲೇ "ಇದು ಅಪ್ಪಂದು, ಇದು ಮಗಂದು" ಅಂತ ಹೇಳಿಬಿಡ್ತಾರೆ.

ಹಳೆಬಣ್ಣ
ಗಣಪನಕೆಲಸ ಅವರೇ, ನೀವು ಹೇಳಿದ್ದೇ ಅಲ್ಲೂ ನಡೆದಿದ್ದು. ತಲೆಯ ಮುಂಭಾಗ ಒಂದು ಅಚ್ಚು, ಹಿಂಭಾಗ ಇನ್ನೊಂದು. ಮಣ್ಣನ್ನು ಒಳಗೆ ಒತ್ತಿ ಎರಡನ್ನೂ ಕೂಡಿಸುತ್ತಿದ್ದರು. ಆ ಕೂಡಿಸಿದ ಗೆರೆ ಎಷ್ಟೋ ತಲೆಗಳಲ್ಲಿ ಕಿವಿಯ ಹತ್ತಿರ ಹಾದು ಹೋಗುತ್ತೆ. ಕಿವಿಯನ್ನು ಬೇರೆ ಮಾಡಿ ಅಂಟಿಸಿದರೆ ಗೆರೆಯೂ ಮುಚ್ಚುತ್ತೆ. ಹಿಂದಿನ ಅರ್ಧದ ಮೇಲೆ ಕೂದಲು, ಜಡೆ, ಪಕ್ಕಕ್ಕೆ ವಾಲಿದ ಜುಟ್ಟು ಕೂರಿಸೋದು. ಆಮೇಲೆ ಮೇಲ್ಮೈಗೆ ನುಣುಪಾದ ಮಣ್ಣು ಬಳಿದು, ಅದರಲ್ಲಿ ಹುಬ್ಬು, ರೆಪ್ಪೆ, ಮೀಸೆ, ಕೆನ್ನೆಯ ಮೂಳೆ ಎಲ್ಲಾ ಕೈಯಿಂದ ಕೆತ್ತೋದು. ಕೂದಲಿನ ಒಂದೊಂದು ಎಳೆಯನ್ನೂ ಬಾಚಣಿಗೆಯಲ್ಲಿ ಎಳೆದ ಹಾಗೆ ಗೀರಿದ್ದಾರೆ.

ಕೆಲವೇ ಬಗೆಯ ಅಚ್ಚು, ಕೆಲವು ಬಗೆಯ ಮೀಸೆ, ಗಡ್ಡ, ಜುಟ್ಟು. ಇವನ್ನು ಬದಲಾಯಿಸಿ ಬದಲಾಯಿಸಿ ಕೂಡಿಸಿದರೇ ಸಾಕಷ್ಟು ಬೇರೆ ಮುಖ ಆಗುತ್ತೆ. ಅದರ ಮೇಲೆ ಕೈಕೆಲಸ. ಅಲ್ಲಿಗೆ ಯಾವುದೂ ಒಂದೇ ಥರ ಇರಲ್ಲ.

ವಿಜಯ್_ಬಿ
ಆದರೂ ಅಷ್ಟು ಜೀವ ತುಂಬಿರೋ ಮುಖ ಎದುರಿಗೆ ಒಬ್ಬ ಮನುಷ್ಯ ಇಲ್ಲದೆ ಬರಲ್ಲ ಮೇಡಂ. 2014ರಲ್ಲಿ ಕಿವಿ ಅಳತೆ ಮಾಡಿದ ಅಧ್ಯಯನ ಇದೆಯಲ್ಲ? ಲಂಡನ್‌ನವರು, ಅಲ್ಲಿನ ಮ್ಯೂಸಿಯಂನವರು ಸೇರಿ ಮಾಡಿದ್ದು. ಯಾವ ಎರಡು ಕಿವಿಯೂ ಒಂದೇ ಥರ ಇಲ್ಲ ಅಂತ ಬಂತು.

ಹಳೆಬಣ್ಣ
ಹೌದು, 30 ಸೈನಿಕರ ಕಿವಿಗಳನ್ನು ಸುತ್ತಲಿಂದ ಫೋಟೋ ತೆಗೆದು, ಕಂಪ್ಯೂಟರಿನಲ್ಲಿ ಮೂರು ಆಯಾಮದ ಮಾದರಿ ಮಾಡಿ ಹೋಲಿಸಿದರು. ಮನುಷ್ಯರ ಕಿವಿಯ ಹಾಗೇ ಅವೂ ಒಂದರ ಹಾಗೆ ಒಂದಿಲ್ಲ. ಆ ತಂಡದವರಿಗೂ ಇವು ನಿಜವಾದ ಮನುಷ್ಯರ ಚಿತ್ರ ಇರಬಹುದಾ ಅನ್ನೋ ಕುತೂಹಲ ಇತ್ತು, ಅದನ್ನು ಒಪ್ಪುತ್ತೇನೆ. ಆದರೆ ಕಿವಿ ಕೈಯಲ್ಲಿ ಮಾಡಿ ಅಂಟಿಸಿದ್ದು. ಕೈಯಲ್ಲಿ ಮಾಡಿದ ಎರಡು ಕಿವಿ ಹೇಗೂ ಒಂದೇ ಥರ ಬರಲ್ಲ, ಅಲ್ವಾ? ಅದರಿಂದ ಎದುರಿಗೆ ಮನುಷ್ಯ ಕೂತಿದ್ದ ಅಂತ ಸಾಬೀತಾಗಲ್ಲ. ಇದು ನನ್ನ ಅಭಿಪ್ರಾಯ, ಬೇರೆಯವರು ಒಪ್ಪದೇ ಇರಬಹುದು.

ವಿಜಯ್_ಬಿ
ನಾನಂತೂ ಒಪ್ಪಲ್ಲ. ಇರಲಿ, ಮುಂದೆ ಹೇಳಿ.

ಹೆಂಚಿನಮನೆ
ನಾನು ಕರಾವಳಿಯ ಒಂದು ಹೆಂಚಿನ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಗೂಡಿನ ಹತ್ತಿರ ಕೆಲಸ ಮಾಡಿದವ. ಈ ಸೈನಿಕರ ಫೋಟೋ ನೋಡಿದಾಗೆಲ್ಲಾ ನನಗೆ ಮುಖ ಕಾಣುವುದಿಲ್ಲ. ಆ ಎತ್ತರದ ಮಣ್ಣು ಒಡೆಯದೆ ಹೇಗೆ ಬೆಂದಿತು ಅನ್ನುವುದೇ ಕಾಣುತ್ತದೆ.

ಒಂದು ಹೆಂಚು ಒಣಗುವಾಗ, ಬೇಯುವಾಗ ಎರಡೂ ಸಲ ಕುಗ್ಗುತ್ತದೆ. ನಮ್ಮ ಮಣ್ಣಿನಲ್ಲಿ ನೂರಕ್ಕೆ ಎಂಟು ಹತ್ತು ಹೋಗುತ್ತಿತ್ತು. ಆಳೆತ್ತರದ ಮೂರ್ತಿ ಬೇಕಾದರೆ ಹಸಿಯಲ್ಲಿ ಆಳಿಗಿಂತ ಎತ್ತರ ಕಟ್ಟಬೇಕು. ಒಂದು ಕಡೆ ದಪ್ಪ, ಒಂದು ಕಡೆ ತೆಳು ಇದ್ದರೆ ತೆಳು ಜಾಗ ಮೊದಲು ಒಣಗಿ ಎಳೆಯುತ್ತದೆ, ಅಲ್ಲೇ ಸೀಳು. ಬರೀ ಜೇಡಿಮಣ್ಣಿನಲ್ಲಿ ಇದು ಆಗುವ ಕೆಲಸವೇ ಅಲ್ಲ. ಮರಳು ಹಾಕಿರಲೇಬೇಕು.

ಹಳೆಬಣ್ಣ
ಹಾಕಿದ್ದಾರೆ ಸರ್! ಸುತ್ತಮುತ್ತಲ ಹಳದಿ ಮಣ್ಣಿಗೆ ಮರಳು ಕಲಸಿದ್ದಾರೆ. 2017ರಲ್ಲಿ ಚೂರುಗಳನ್ನು ತೆಳ್ಳಗೆ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದ ಅಧ್ಯಯನ ಬಂತು. ಸೈನಿಕರ ಮಣ್ಣಿನಲ್ಲಿ ಮರಳಿದೆ. ಅದೇ ಗುಂಡಿಯ ನೆಲಕ್ಕೆ ಹಾಸಿದ ಇಟ್ಟಿಗೆಯ ಮಣ್ಣಿನಲ್ಲಿ ಬೆರೆಸಿದ ಮರಳಿಲ್ಲ. ಇಟ್ಟಿಗೆ ಚಿಕ್ಕದು, ಬೇಕಾಗಿಲ್ಲ. ಯಾವುದಕ್ಕೆ ಎಂಥ ಮಣ್ಣು ಅಂತ ಮೊದಲೇ ಒಂದು ಕಡೆ ಹದ ಮಾಡಿ ಆಮೇಲೆ ಕೆಲಸದವರಿಗೆ ಹಂಚುತ್ತಿದ್ದರು ಅಂತ ಆ ಅಧ್ಯಯನದವರ ಊಹೆ.

ಹೆಂಚಿನಮನೆ
ಆಹಾ, ಅದೇ ಸರಿಯಾದ ಕೆಲಸ. ನಮ್ಮಲ್ಲೂ ಮಣ್ಣು ಕಲಸುವವರೇ ಬೇರೆ, ಒತ್ತುವವರೇ ಬೇರೆ. ಒಳಗೆ ಟೊಳ್ಳು ಯಾಕೆ ಅಂತಲೂ ಗೊತ್ತಾಯಿತು. ಗಟ್ಟಿ ಮುದ್ದೆ ಆಗಿದ್ದರೆ ಒಳಗಿನ ನೀರು ಆವಿಯಾಗಿ ಗೂಡಿನಲ್ಲೇ ಸಿಡಿಯುತ್ತಿತ್ತು.

ಹಳೆಬಣ್ಣ
ಕುದುರೆಗಳಲ್ಲಿ ಅದು ಇನ್ನೂ ಚೆನ್ನಾಗಿ ಕಾಣುತ್ತೆ. ಹೊಟ್ಟೆಯ ಪಕ್ಕದಲ್ಲಿ ಒಂದು ದುಂಡನೆ ತೂತು ಬಿಟ್ಟು ಸುಟ್ಟು, ಆಮೇಲೆ ಮಣ್ಣಿನ ಬಿಲ್ಲೆಯಿಂದ ಮುಚ್ಚಿದ್ದಾರೆ.

ಗಣಪನಕೆಲಸ
ಮೇಡಂ, ಹೆಂಚಿನಮನೆ ಸರ್, ನನಗೆ ಒಂದು ಸಮಸ್ಯೆ ಇದೆ, ಇಲ್ಲೇ ಕೇಳಿಬಿಡ್ತೀನಿ. ಕಳೆದ ವರ್ಷ ಮೂರಡಿ ಗಣಪನ ಎರಡೂ ಮೇಲ್ಗೈ ಕಂಕುಳ ಹತ್ತಿರ ಬಿರುಕು ಬಿಟ್ಟಿತು. ಹಬ್ಬಕ್ಕೆ ನಾಲ್ಕು ದಿನ ಇತ್ತು. ಮೈ ಸೋಮವಾರ ಮಾಡಿದ್ದೆ, ಕೈ ಬುಧವಾರ ಮಾಡಿ ಅವತ್ತೇ ಅಂಟಿಸಿದೆ. ಇವರು ತೋಳು ಬೇರೆ ಮಾಡಿ ಅಂಟಿಸಿದರು ಅಂತೀರಿ. ಬಿರುಕು ಬರ್ತಿರಲಿಲ್ವಾ?

ಹೆಂಚಿನಮನೆ
ನಿಮ್ಮ ತಪ್ಪು ಅಲ್ಲೇ ಇದೆ ತಮ್ಮಾ. ಮೈ ಎರಡು ದಿನ ಒಣಗಿ ಕುಗ್ಗಿ ಆಗಿದೆ. ಕೈ ಹಸಿ, ಅದು ಇನ್ನು ಮೇಲೆ ಕುಗ್ಗಬೇಕು. ಕೈ ಎಳೆಯುತ್ತದೆ, ಮೈ ಬರುವುದಿಲ್ಲ. ಮಧ್ಯದಲ್ಲಿ ಸೀಳು. ಎರಡೂ ಒಂದೇ ಹದದಲ್ಲಿ ಇರಬೇಕು. ಉಗುರು ಒತ್ತಿದರೆ ಗುರುತು ಬೀಳಬೇಕು, ಆದರೆ ಎತ್ತಿ ಹಿಡಿದರೆ ಬಾಗಬಾರದು. ಆ ಹದದಲ್ಲಿ ಎರಡೂ ಮುಖ ಗೀರಿ, ಅದೇ ಮಣ್ಣನ್ನು ಮೊಸರಿನ ಹಾಗೆ ಕದಡಿ ಬಳಿದು ಒತ್ತಬೇಕು. ಆಮೇಲೆ ಎರಡು ದಿನ ಒದ್ದೆ ಗೋಣಿ ಮುಚ್ಚಿ ಇಡಿ. ಮೈಯನ್ನು ಮೊದಲು ಮಾಡಿದ್ದರೆ ಅದಕ್ಕೂ ಗೋಣಿ ಹೊದಿಸಿ ಹದ ಕಾಯಬೇಕು.

ಹಳೆಬಣ್ಣ
ಅಲ್ಲೂ ಜೋಡಿಸೋ ಜಾಗ ಗೀರಿದ್ದಾರೆ, ಒಡೆದ ತೋಳಿನ ತುದಿಯಲ್ಲಿ ಕಾಣುತ್ತೆ. ಅವರಿಗೆ ಇನ್ನೊಂದು ಕಷ್ಟ ಇತ್ತು. ಕಾಲು ಪೂರ್ತಿ ಹಸಿ ಇರುವಾಗ ಮೇಲೆ ದೇಹ ಏರಿಸಿದರೆ ಕುಸಿಯುತ್ತೆ. ಕಾಲು ತೀರಾ ಒಣಗಿದರೆ ನೀವು ಹೇಳಿದ ಸೀಳು. ಹಾಗಾಗಿ ಒಂದು ಮೂರ್ತಿಯನ್ನು ಒಂದೇ ಸಮ ಕಟ್ಟೋಕೆ ಆಗಲ್ಲ. ಸ್ವಲ್ಪ ಏರಿಸಿ ಕಾಯಬೇಕು, ಮತ್ತೆ ಸ್ವಲ್ಪ ಏರಿಸಬೇಕು. ಒಬ್ಬರ ಕೈ ಕೆಳಗೆ ಬೇರೆ ಬೇರೆ ಹಂತದ ಹಲವು ಮೂರ್ತಿ ಒಟ್ಟಿಗೆ ಇದ್ದಿರಬೇಕು ಅಂತ ನನಗನ್ನಿಸುತ್ತೆ.

ಓದುಗಮಿತ್ರ
ಯಾರು ಮಾಡಿದರು ಅಂತ ಹೆಸರು ಏನಾದರೂ ಉಳಿದಿದೆಯಾ? ನಮ್ಮ ಬೇಲೂರು, ಹಳೇಬೀಡಿನಲ್ಲಿ ಶಿಲ್ಪಿಗಳು ಮೂರ್ತಿಯ ಕೆಳಗೆ ಹೆಸರು ಕೆತ್ತಿದ್ದಾರಲ್ಲ, ಹಾಗೆ.

ಹಳೆಬಣ್ಣ
ಉಳಿದಿದೆ. 80ಕ್ಕೂ ಹೆಚ್ಚು ಬೇರೆ ಬೇರೆ ಹೆಸರು ಸಿಕ್ಕಿವೆ. ಆದರೆ ಕಾರಣ ಬೇಲೂರಿನಲ್ಲಿ ಇದ್ದ ಹಾಗಲ್ಲ. ಅಲ್ಲಿ ದಾಸೋಜ, ಚಾವಣರು ಹೆಮ್ಮೆಯಿಂದ ಬಿರುದು ಸಮೇತ ಕೆತ್ತಿಸಿಕೊಂಡರು. ಇಲ್ಲಿ ಕಣ್ಣಿಗೆ ಬೀಳದ ಜಾಗದಲ್ಲಿ ಒಂದೆರಡು ಅಕ್ಷರ, ಅಷ್ಟೇ. ಕೆಲಸ ಕೆಟ್ಟರೆ ಯಾರನ್ನು ಹಿಡಿಯಬೇಕು ಅಂತ ಗೊತ್ತಾಗಲಿ ಅಂತ. ಮಾಡಿದ ವಸ್ತುವಿನ ಮೇಲೆ ಕೆಲಸದವನ ಹೆಸರು ಇರಬೇಕು ಅನ್ನೋದು ಚಿನ್ ರಾಜ್ಯದ ಪದ್ಧತಿ.

ಕೆಲವು ಹೆಸರಿನ ಹಿಂದೆ "ಗೊಂಗ್" ಅಂತ, ಅಂದರೆ ಅರಮನೆ ಅಂತ ಇದೆ. ಅವರು ಅರಮನೆಯ ಕಾರ್ಖಾನೆಯವರು. ಇನ್ನು ಕೆಲವರ ಹೆಸರಿನ ಜೊತೆ ಶಿಯಾನ್‌ಯಾಂಗ್ ಅಂತ ಊರಿನ ಹೆಸರು. ಅದು ಆಗಿನ ರಾಜಧಾನಿ. ಅರಮನೆಯ ಕಾರ್ಖಾನೆಯವರ ಮಾಮೂಲಿ ಕೆಲಸ ಹೆಂಚು, ಇಟ್ಟಿಗೆ, ನೀರು ಹರಿಯೋ ಮಣ್ಣಿನ ಕೊಳವೆ. ಹೆಂಚಿನಮನೆ ಸರ್, ನಿಮ್ಮ ಕಸುಬಿನವರೇ ಈ ಸೈನಿಕರನ್ನು ಮಾಡಿದ್ದು!

ಹೆಂಚಿನಮನೆ
ಇದು ಓದಿ ಮನಸ್ಸು ತುಂಬಿತು. ಟೊಳ್ಳು ಕಾಲು ಅಂದಾಗಲೇ ಕೊಳವೆ ನೆನಪಾಗಿತ್ತು. ನಮ್ಮ ಹೆಂಚಿನ ಬೆನ್ನಲ್ಲಿ ಕಾರ್ಖಾನೆಯ ಗುರುತು ಇರುತ್ತಿತ್ತು, ಕೆಲಸದವರ ಹೆಸರು ಇರುತ್ತಿರಲಿಲ್ಲ.

ಒಂದು ಪ್ರಶ್ನೆ. ನಮ್ಮ ಹೆಂಚು ಕೆಂಪು. ಇವರದು ಬೂದಿ ಬಣ್ಣ. ಮಣ್ಣಿನಲ್ಲಿ ಕಬ್ಬಿಣ ಇದ್ದೇ ಇರುತ್ತದೆ. ಗೂಡಿನ ಬಾಯಿ ಮುಚ್ಚಿ ಗಾಳಿ ತಡೆದು ಸುಟ್ಟರೆ ಹೀಗೆ ಬೂದಿ ಬರುತ್ತದೆ. ಹಾಗೇನಾ?

ಹಳೆಬಣ್ಣ
ಹಾಗೇ ಸರ್. ಕೊನೆಯಲ್ಲಿ ಗಾಳಿ ತಡೆದಿದ್ದಾರೆ. ಶಾಖ ಸುಮಾರು 900ರಿಂದ 1000 ಡಿಗ್ರಿ ಅಂತ ಅಂದಾಜು.

ಹೆಂಚಿನಮನೆ
ಗೂಡುಗಳು ಸಿಕ್ಕಿವೆಯಾ? ಆಳೆತ್ತರದ ಮೂರ್ತಿ ನಿಲ್ಲಿಸಬೇಕಾದರೆ ಗೂಡು ಭಾರಿ ದೊಡ್ಡದಿರಬೇಕು.

ಹಳೆಬಣ್ಣ
ಸೈನಿಕರನ್ನು ಸುಟ್ಟಿದ್ದು ಇದೇ ಗೂಡು ಅಂತ ಬೆರಳು ತೋರಿಸೋ ಹಾಗೆ ಸಿಕ್ಕಿಲ್ಲ. ಮಣ್ಣು ಅಲ್ಲಿಯದೇ, ಹಾಗಾಗಿ ಗೂಡೂ ಸಮಾಧಿಯ ಹತ್ತಿರವೇ ಇದ್ದಿರಬೇಕು ಅನ್ನೋರು ಜಾಸ್ತಿ. 100 ಕಿಲೋ ಮೀರಿದ ಮೂರ್ತಿಯನ್ನು ದೂರದಿಂದ ಹೊತ್ತು ತರೋದು ಸುಮ್ನೆ ಮಾತಲ್ಲ.

ತುಂಗಾತೀರ
ಅಚ್ಚಿನ ವಿಷಯ ಅರ್ಥ ಆಯ್ತು, ತುಂಬಾ ಥ್ಯಾಂಕ್ಸ್. ಈಗ ಬಣ್ಣ ಹೇಳಿ ಮೇಡಂ.

ಚನ್ನಪಟ್ಟಣ_ರಂಗು
ಬಣ್ಣದ ಕೆಳಗೆ ಲ್ಯಾಕರ್ ಬಳಿದಿದ್ದರು ಅಂತ ಎಲ್ಲೋ ಓದಿದ್ದೆ. ನಮ್ಮ ಊರಿನ ಗೊಂಬೆಗೆ ಹಾಕೋದೂ ಅದೇ. ಅರಗಿಗೆ ಬಣ್ಣ ಕಲಸಿ, ಗೊಂಬೆ ತಿರುಗುವಾಗ ಒತ್ತಿ ಹಿಡಿದರೆ ಬಿಸಿಗೆ ಕರಗಿ ಕೂರುತ್ತೆ. ಆಮೇಲೆ ತಾಳೆಗರಿ ಹಿಡಿದರೆ ಹೊಳಪು. ನಮ್ಮಜ್ಜಿಯ ಕಾಲದ ಗೊಂಬೆ ಇನ್ನೂ ಹೊಳೀತಿದೆ. ಹಾಗಿದ್ದ ಮೇಲೆ ಅವರದ್ದು ಯಾಕೆ ಉದುರಿತು?

ಹಳೆಬಣ್ಣ
ಹೆಸರು ಒಂದೇ, ವಸ್ತು ಬೇರೆ. ನಿಮ್ಮದು ಅರಗು, ಹುಳು ಕೊಡೋದು, ಬಿಸಿಗೆ ಕರಗುತ್ತೆ. ಅವರದ್ದು ಒಂದು ಮರದ ಹಾಲು. ಮರದ ತೊಗಟೆ ಗೀರಿದರೆ ಒಸರುತ್ತೆ, ಸ್ವಲ್ಪ ಸ್ವಲ್ಪವೇ ಸಿಗುತ್ತೆ. ಒಮ್ಮೆ ಗಟ್ಟಿಯಾದರೆ ಮತ್ತೆ ಕರಗಲ್ಲ. ಅದು ಗಟ್ಟಿಯಾಗೋದೂ ಒದ್ದೆ ಗಾಳಿಯಲ್ಲಿ, ಬಿಸಿಲಿನಲ್ಲಿ ಅಲ್ಲ. ಆ ಮರ ನಮ್ಮ ಗೇರು, ಮಾವಿನ ಕುಟುಂಬದ್ದು.

ಮಲೆನಾಡಮಗಳು
ಗೇರಿನ ಕುಟುಂಬ ಅಂದ ತಕ್ಷಣ ಮೈ ಜುಮ್ಮೆಂದಿತು. ನಮ್ಮ ತೋಟದ ಬೇಲಿಯಲ್ಲಿ ಒಂದು ಹೊಲಗೇರು ಮರ ಇತ್ತು. ಹತ್ತನೇ ಕ್ಲಾಸಿನಲ್ಲಿ ಇದ್ದಾಗ ಅದರ ಕೊಂಬೆ ಮುರಿದೆ. ಕೈಗೆ ಹಾಲು ತಾಗಿತು. ಆಮೇಲೆ ಅದು ಕಪ್ಪಾಯ್ತು, ಮಾರನೇ ದಿನ ಮುಖ ಎಲ್ಲಾ ಊದಿ, ಗುಳ್ಳೆ ಎದ್ದು ಕಣ್ಣು ಬಿಡೋಕೆ ಆಗಲಿಲ್ಲ. ಅಮ್ಮ ಹತ್ತು ದಿನ ಕೊಬ್ಬರಿ ಎಣ್ಣೆ ಸವರಿದರು. ಗೇರುಬೀಜದ ಸಿಪ್ಪೆ ಎಣ್ಣೆಯೂ ಹಾಗೇ ಕೈ ಸುಡುತ್ತೆ. ಅಂಥದ್ದನ್ನು ಸಾವಿರಾರು ಮೂರ್ತಿಗೆ ಬಳಿದರಾ?!

ಹಳೆಬಣ್ಣ
ಹೌದಮ್ಮಾ, ಅದೇ ಜಾತಿಯ ವಿಷ. ಬಳಿಯೋ ಕೆಲಸದವರಿಗೂ ಚರ್ಮಕ್ಕೆ ತೊಂದರೆ ಆಗಿಯೇ ಇರುತ್ತೆ. ನೀವು ನೋಡಿದ ಹಾಗೆ ಆ ಮರದ ಹಾಲೂ ಗಾಳಿಗೆ ಕಪ್ಪು ಕಂದು ಆಗುತ್ತೆ. ಆ ಕಂದು ಪದರವನ್ನು ಸುಟ್ಟ ಮಣ್ಣಿನ ಮೇಲೆ ಒಂದೋ ಎರಡೋ ಸಲ ಬಳಿದು, ಅದರ ಮೇಲೆ ಬಣ್ಣ ಹಚ್ಚಿದ್ದಾರೆ.

ಬಣ್ಣ ಅಂದರೆ ಸುಮ್ನೆ ಒಂದು ಕೈ ಬಳಿದಿಲ್ಲ. ಮುಖಕ್ಕೆ ಬಿಳಿಗೆ ಸ್ವಲ್ಪ ಇಂಗುಲಿಕ ಬೆರೆಸಿ ಚರ್ಮದ ಗುಲಾಬಿ ಬಣ್ಣ ತಂದಿದ್ದಾರೆ. ಆ ಬಿಳಿ ಕೆಲವು ಕಡೆ ಸುಟ್ಟ ಮೂಳೆಯ ಪುಡಿ. ಕಣ್ಣಿನ ಪಾಪೆ ಕಪ್ಪು. ಹಸಿರು, ನೀಲಿ ಎರಡೂ ತಾಮ್ರದ ಖನಿಜದಿಂದ. ಕವಚದ ಫಲಕಗಳನ್ನು ಕಟ್ಟಿದ ದಾರ ಕೆಂಪು. ಅಂಗಿ ಷರಾಯಿಗೆ ಸಮವಸ್ತ್ರದ ಲೆಕ್ಕವೂ ಇಲ್ಲ. ಪಕ್ಕಪಕ್ಕ ನಿಂತವರಲ್ಲಿ ಒಬ್ಬನದು ಹಸಿರು ಅಂಗಿ ಇದ್ದರೆ ಇನ್ನೊಬ್ಬನದು ಕೆಂಪು.

ಈಗ ಉದುರಿದ ಕಥೆ. ಗುಂಡಿಯ ಮೇಲೆ ಮರದ ಮಾಡು, ಚಾಪೆ, ಅದರ ಮೇಲೆ ಮಣ್ಣು ಇತ್ತು. ಮಾಡು ಸುಟ್ಟು ಕುಸಿದು ಮೂರ್ತಿಗಳ ಮೇಲೆ ಬಿತ್ತು. ಆವಾಗಲೇ ಬಹಳ ಬಣ್ಣ ಹಾಳಾಯ್ತು. ಉಳಿದದ್ದು ಒದ್ದೆ ಮಣ್ಣಿನೊಳಗೆ 2200 ವರ್ಷ ಇತ್ತು. ಅಷ್ಟು ವರ್ಷದಲ್ಲಿ ಆ ಮರದ ಹಾಲಿನ ಪದರ ನೀರು ಕುಡಿದು ಕುಡಿದು, ನೀರಿನಿಂದಲೇ ನಿಂತಿತ್ತು. ಅಗೆದು ಹೊರಗೆ ತೆಗೆದಾಗ ಗಾಳಿ ಒಣಗಿದ್ದು. ನೀರು ಹಾರುತ್ತೆ, ಪದರ ಕುಗ್ಗುತ್ತೆ, ಸುರುಳಿ ಸುತ್ತುತ್ತೆ, ಬಣ್ಣವನ್ನೂ ಹೊತ್ತು ಕೆಳಗೆ ಬೀಳುತ್ತೆ. ಕೆಲವೇ ನಿಮಿಷದ ಕೆಲಸ.

ಇನ್ನೊಂದು ಅಂದರೆ, ಎಷ್ಟೋ ಕಡೆ ಬಣ್ಣ ಮೂರ್ತಿಗಿಂತ ಸುತ್ತಲಿನ ಮಣ್ಣಿಗೇ ಗಟ್ಟಿಯಾಗಿ ಹಿಡಿದಿರುತ್ತೆ. ಕೆನ್ನೆ ಮೇಲಿನ ಮಣ್ಣು ತೆಗೆದರೆ ಕೆನ್ನೆ ಬೂದಿ, ಕೈಯಲ್ಲಿರೋ ಹೆಂಟೆಯಲ್ಲಿ ಗುಲಾಬಿ.

ತುಂಗಾತೀರ
ಅಯ್ಯೋ. ಹಾಗಾದರೆ 1974ರಲ್ಲಿ ಅಗೆದವರ ಕಣ್ಣೆದುರೇ ಹೋಯ್ತು.

ಹಳೆಬಣ್ಣ
ಹೌದು. ಅವರನ್ನು ದೂರೋಕೆ ಆಗಲ್ಲ. ಆಗ ಇದಕ್ಕೆ ಔಷಧಿ ಯಾರ ಹತ್ತಿರವೂ ಇರಲಿಲ್ಲ. ಆಮೇಲೆ ಅಲ್ಲಿಯವರು, ಜರ್ಮನಿಯ ಬವೇರಿಯಾದ ಸಂರಕ್ಷಣೆ ಇಲಾಖೆಯವರು ಸೇರಿ ವರ್ಷಗಟ್ಟಲೆ ಕೂತು ದಾರಿ ಹುಡುಕಿದರು. ಮೂರ್ತಿ ಕಂಡ ಕೂಡಲೇ ಪ್ಲಾಸ್ಟಿಕ್ ಹಾಳೆ ಸುತ್ತಿ ತೇವ ಹಿಡಿದಿಡೋದು. ಆಮೇಲೆ ಪಾಲಿಎಥಿಲೀನ್ ಗ್ಲೈಕಾಲ್ ಅನ್ನೋ ದ್ರವವನ್ನು ಮೊದಲು ತೆಳ್ಳಗೆ, ಬರ್ತಾ ಬರ್ತಾ ಗಾಢವಾಗಿ ಕುಡಿಸೋದು. ನೀರಿನ ಜಾಗದಲ್ಲಿ ಅದು ಕೂರುತ್ತೆ, ಅದು ನೀರಿನ ಹಾಗೆ ಹಾರಲ್ಲ. ಜೊತೆಗೆ ಒಂದು ಅಂಟು ಕೊಟ್ಟು ಪದರವನ್ನು ಮಣ್ಣಿಗೆ ಹಿಡಿಸೋದು.

ಎರಡನೇ ಗುಂಡಿಯಲ್ಲಿ 1999ರಲ್ಲಿ ಸಿಕ್ಕ ಮಂಡಿಯೂರಿದ ಬಿಲ್ಲುಗಾರನನ್ನು ನೋಡಿ. ಅವನ ಮುಖ ಪೂರ್ತಿ ಹಸಿರು! ಕೂದಲು ಕಪ್ಪು, ಕಣ್ಣು, ಮೀಸೆ ಎಲ್ಲಾ ಸರಿಯಾಗಿ ಬಳಿದಿದ್ದಾರೆ, ಚರ್ಮ ಮಾತ್ರ ಹಸಿರು. ಇಂಥ ಬಿಲ್ಲುಗಾರರು ಕೂತ ಭಂಗಿಯಲ್ಲಿ ಇರೋದರಿಂದ ಎತ್ತರ ಕಡಿಮೆ. ಮಾಡು ಬಿದ್ದಾಗ ನಿಂತವರಿಗಿಂತ ಪೆಟ್ಟು ಕಡಿಮೆ ಬಿತ್ತು. ಒಬ್ಬ ಬಿಲ್ಲುಗಾರನಂತೂ ಒಡೆಯದೇ ಸಿಕ್ಕಿದ. ಅವನ ಎತ್ತಿದ ಬಲಪಾದದ ಹಿಂದೆ ಹೋಗಿ ನೋಡಿದರೆ ಚಪ್ಪಲಿಯ ಅಟ್ಟೆಯ ಹೊಲಿಗೆ ಚುಕ್ಕಿಗಳು ಕಾಣುತ್ತವೆ. ಬೆರಳು, ಹಿಮ್ಮಡಿಯ ಕಡೆ ಒತ್ತೊತ್ತಾಗಿ, ಮಧ್ಯದಲ್ಲಿ ದೂರ ದೂರ. ಎಲ್ಲಿ ಜಾಸ್ತಿ ಸವೆಯುತ್ತೋ ಅಲ್ಲಿ ಹೊಲಿಗೆ ಜಾಸ್ತಿ. ಇದನ್ನು ಅಚ್ಚಿನಲ್ಲಿ ಒತ್ತಿಲ್ಲ, ಹಸಿ ಮಣ್ಣಿನಲ್ಲಿ ಯಾರೋ ಕೂತು ಒಂದೊಂದೇ ಚುಚ್ಚಿದ್ದಾರೆ.

ಓದುಗಮಿತ್ರ
ಮುಖ ಹಸಿರು ಯಾಕೆ?

ವಿಜಯ್_ಬಿ
ಶತ್ರುಗಳನ್ನು ಹೆದರಿಸೋಕೆ. ಯುದ್ಧಕ್ಕೆ ಹೋಗೋರು ಮುಖಕ್ಕೆ ಬಣ್ಣ ಬಳಿದುಕೊಳ್ಳೋದು ಎಲ್ಲಾ ಕಡೆ ಇದೆ.

ಗಣಪನಕೆಲಸ
ಬಣ್ಣ ಹಚ್ಚಿದವನು ತಮಾಷೆಗೆ ಮಾಡಿರಬಹುದು. ಇಲ್ಲಾ ಮಬ್ಬು ಬೆಳಕಿನಲ್ಲಿ ಬಟ್ಟಲು ತಪ್ಪಿರಬಹುದು. ನಮ್ಮ ಮನೆಯಲ್ಲಿ ರಾತ್ರಿ ಕೆಲಸ ಮಾಡುವಾಗ ಒಮ್ಮೆ ಹಾಗೆ ಆಗಿದೆ.

ಹಳೆಬಣ್ಣ
ಇಬ್ಬರು ಹೇಳಿದ್ದನ್ನೂ ಪಂಡಿತರೂ ಹೇಳಿದ್ದಾರೆ. ಕೆಲಸದವನಿಗೆ ಬಣ್ಣ ಕಾಣೋ ತೊಂದರೆ ಇತ್ತು ಅನ್ನೋರೂ ಇದ್ದಾರೆ. ಇದು ತೀರ್ಮಾನ ಆಗಿಲ್ಲ.

ರಸಾಯನಮೇಷ್ಟ್ರು
ನೇರಳೆ ಬಣ್ಣದ ಬಗ್ಗೆ ಯಾರೂ ಹೇಳಲಿಲ್ಲವಲ್ಲ! ನನಗೆ ಅದೇ ಎಲ್ಲಕ್ಕಿಂತ ದೊಡ್ಡದು. ಕೆಂಪು, ಹಸಿರು, ನೀಲಿ ನೆಲದಿಂದ ಅಗೆದದ್ದು. ನೇರಳೆ ಹಾಗಲ್ಲ, ಕೈಯಿಂದ ಮಾಡಿದ್ದು. ಬೇರಿಯಂ, ತಾಮ್ರ, ಸಿಲಿಕಾ ಸೇರಿದ ವಸ್ತು, BaCuSi₂O₆. ಇದು ಪ್ರಕೃತಿಯಲ್ಲಿ ಖನಿಜವಾಗಿ ಸಿಗೋದು ತೀರಾ ಅಪರೂಪ. ಬೇರಿಯಂ ಕಲ್ಲು, ತಾಮ್ರದ ಕಲ್ಲು, ಮರಳು ಪುಡಿ ಮಾಡಿ, ಸ್ವಲ್ಪ ಸೀಸದ ವಸ್ತು ಹಾಕಿ ಹೊತ್ತುಗಟ್ಟಲೆ ಸುಡಬೇಕು. ಸೀಸ ಇದ್ದರೆ ಕಲ್ಲು ಬೇಗ ಒಡೆದು ಬೆರೆಯುತ್ತೆ.

ಕಷ್ಟ ಇರೋದು ಶಾಖದಲ್ಲಿ. 900ರಿಂದ 1000 ಡಿಗ್ರಿ ಮಧ್ಯೆ ಹಿಡಿದು ನಿಲ್ಲಿಸಬೇಕು. ಕಡಿಮೆ ಆದರೆ ಸರಿಯಾಗಿ ಕೂಡಲ್ಲ, ಮೀರಿದರೆ ಆದ ನೇರಳೆಯೂ ಒಡೆದು ಹೋಗುತ್ತೆ. ಥರ್ಮಾಮೀಟರ್ ಇಲ್ಲದೆ ಇದನ್ನು ಹೇಗೆ ಮಾಡಿದರು ಅನ್ನೋದು ನನಗೆ ಬೆರಗು.

ಹೆಂಚಿನಮನೆ
ಮೇಷ್ಟ್ರೇ, ಅದು ಕಣ್ಣಿನ ಕೆಲಸ. ಗೂಡಿನ ಕಿಂಡಿಯಲ್ಲಿ ಇಣುಕಿದರೆ ಬೆಂಕಿಯ ಬಣ್ಣವೇ ಶಾಖ ಹೇಳುತ್ತದೆ. ಮೊದಲು ಕಡುಗೆಂಪು, ಆಮೇಲೆ ಹಣ್ಣು ಮೆಣಸಿನ ಕೆಂಪು, ಆಮೇಲೆ ಕಿತ್ತಳೆ. ಕಿತ್ತಳೆ ಹಳದಿಗೆ ತಿರುಗುವ ಮೊದಲು ಸೌದೆ ಕಡಿಮೆ ಮಾಡಬೇಕು. ನಮ್ಮ ಹಿರಿಯ ಮೇಸ್ತ್ರಿಗೆ ಯಂತ್ರ ಬೇಕಿರಲಿಲ್ಲ. ಸೈನಿಕರನ್ನು ಬೇಯಿಸಿದ ಶಾಖವೂ ಅದೇ 900, 1000 ಅಂತ ಮೇಡಂ ಹೇಳಿದರು. ಅಷ್ಟು ಶಾಖ ಕಣ್ಣಲ್ಲೇ ಹಿಡಿಯುವವರು ಆ ಊರಿನಲ್ಲಿ ಬೇಕಾದಷ್ಟು ಇದ್ದಿರಬೇಕು.

ರಸಾಯನಮೇಷ್ಟ್ರು
ಇದು ನನಗೆ ಹೊಳೆದೇ ಇರಲಿಲ್ಲ ಸರ್. ಮಕ್ಕಳಿಗೆ ಹೇಳ್ತೀನಿ.

ಒಂದು ಅನುಮಾನ ಹಳೆಬಣ್ಣ ಅವರಿಗೆ. ಬಣ್ಣದ ಪುಡಿ ಅಂಟೋಕೆ ಏನು ಕಲಸಿದ್ದರು? ಮೊಟ್ಟೆ ಅಂತ ಒಂದು ಕಡೆ ಓದಿದೆ, ಪ್ರಾಣಿಯ ಚರ್ಮದ ಅಂಟು ಅಂತ ಇನ್ನೊಂದು ಕಡೆ.

ಹಳೆಬಣ್ಣ
ಎರಡೂ ವರದಿ ಇವೆ. 2008ರಲ್ಲಿ ಪರೀಕ್ಷೆ ಮಾಡಿದವರಿಗೆ ಮೊಟ್ಟೆ ಸಿಕ್ಕಿತು. ಆಮೇಲಿನವರಿಗೆ ಪ್ರಾಣಿಯ ಅಂಟು. ಉಳಿದಿರೋದು ತೀರಾ ಕಡಿಮೆ. ಬೇರೆ ಬೇರೆ ಕೆಲಸದವರು ಬೇರೆ ಬೇರೆ ಬಳಸಿದ್ದರೂ ಆಶ್ಚರ್ಯ ಇಲ್ಲ.

ವಿಜಯ್ ಅವರಿಗೆ ಕ್ರೋಮ್ ಬಾಕಿ ಇತ್ತು. 2019ರಲ್ಲಿ ಆಯುಧಗಳನ್ನು ಮತ್ತೆ ಪರೀಕ್ಷೆ ಮಾಡಿದರು. ತೀರಾ ಕೆಲವದರಲ್ಲೇ ಕ್ರೋಮಿಯಂ ಸಿಕ್ಕಿದ್ದು. ಅದೂ ಜಾಸ್ತಿ ಸಿಕ್ಕಿದ್ದು ಹಿಡಿ, ಮರದ ಕಾವು ಇದ್ದ ಕಡೆ. ಆ ಮರಕ್ಕೆ ಬಳಿದಿದ್ದು ಇದೇ ಮರದ ಹಾಲು, ಕ್ರೋಮಿಯಂ ಬಂದಿದ್ದು ಅದರಿಂದ. ಅಲಗಿಗೆ ಬೇಕಂತಲೇ ಕೊಟ್ಟ ಲೇಪನ ಅಲ್ಲ. ಕಂಚು ಚೆನ್ನಾಗಿ ಉಳಿದಿದ್ದು ತವರ ಜಾಸ್ತಿ ಇದ್ದದ್ದರಿಂದ, ಅಲ್ಲಿನ ನುಣುಪು ಮಣ್ಣಿನಿಂದ.

ವಿಜಯ್_ಬಿ
ಸರಿ ಮೇಡಂ, ಕ್ರೋಮ್ ವಿಷಯದಲ್ಲಿ ನಾನು ಓದಿದ್ದು ಹಳೇದು ಅಂತ ಆಯ್ತು. ಮುಖದ ವಿಷಯದಲ್ಲಿ ಮಾತ್ರ ನನ್ನ ಮಾತು ಹಿಂದೆ ತಗೊಳ್ಳಲ್ಲ.

ತುಂಗಾತೀರ
ನಾನು ತೆಗೆದ ಫೋಟೋಗಳನ್ನು ಈಗ ಮತ್ತೆ ತೆರೆದು ನೋಡಿದೆ. ಮೂರನೇ ಸಾಲಿನ ಒಬ್ಬನನ್ನು ದೊಡ್ಡದು ಮಾಡಿದರೆ ಕಿವಿ ಹಿಂದೆ ಮೇಲಿನಿಂದ ಕೆಳಗೆ ಸಣ್ಣ ಗೆರೆ ಇದೆ. ಆವತ್ತು ಅದನ್ನು ಬಿರುಕು ಅಂದುಕೊಂಡಿದ್ದೆ. ಇದೇ ಎರಡು ಅರ್ಧ ಕೂಡಿಸಿದ ಗೆರೆನಾ?

ಹಳೆಬಣ್ಣ
ಫೋಟೋ ಹಾಕಿ ನೋಡೋಣ. ನೇರವಾಗಿ ತಲೆಯ ಮೇಲಿನಿಂದ ದವಡೆಯವರೆಗೆ ಒಂದೇ ಸಮ ಇಳಿದಿದ್ದರೆ ಕೂಡಿಸಿದ ಗೆರೆ. ಅಂಕುಡೊಂಕಾಗಿ ಹೋಗಿದ್ದರೆ, ಚೂರುಗಳನ್ನು ಈಗಿನವರು ಜೋಡಿಸಿದ ಗುರುತು.

ತುಂಗಾತೀರ
ನೇರವಾಗಿಯೇ ಇದೆ. ಸಂಜೆ ಹಾಕ್ತೀನಿ.

ಗಣಪನಕೆಲಸ
ಹೆಂಚಿನಮನೆ ಸರ್, ಒದ್ದೆ ಗೋಣಿ ಎರಡು ದಿನ ಅಂದಿರಿ. ಮಳೆಗಾಲದಲ್ಲೂ ಎರಡೇ ದಿನ ಸಾಕಾ?

ಹೆಂಚಿನಮನೆ
ಮಳೆಗಾಲದಲ್ಲಿ ಒಂದೇ ದಿನ ಸಾಕು. ಎರಡನೇ ದಿನ ಬರೀ ಒಣ ಗೋಣಿ ಹೊದಿಸಿ. ಗಾಳಿ ಒಂದೇ ಕಡೆಯಿಂದ ಬಡಿಯದ ಹಾಗೆ ನೋಡಿಕೊಳ್ಳಿ, ಕಿಟಕಿ ಕಡೆಯ ಕೈ ಮೊದಲು ಒಣಗುತ್ತದೆ.